ಒಂದು ಕಿಲೋಮೀಟರ್ ಓಟಕ್ಕೆ ಒಂದು ವಾಚು, ಮೂರು ಹಾಳೆ

ಪ್ರಶ್ನೆ: ನಾನು ಶಾಲೆಯೊಂದರ ದೈಹಿಕ ಶಿಕ್ಷಣ ಶಿಕ್ಷಕ. ಎಂಟನೇ ತರಗತಿಯ 36 ಮಕ್ಕಳಿಗೆ ಒಂದು ಕಿಲೋಮೀಟರ್ ಓಟದ ಫಿಟ್‌ನೆಸ್ ಪರೀಕ್ಷೆ ನಡೆಸಿ ಹತ್ತಕ್ಕೆ ಅಂಕ ಕೊಡಬೇಕಾಗಿದೆ. ನಮ್ಮಲ್ಲಿ 400 ಮೀಟರಿನ ಟ್ರ್ಯಾಕ್ ಇಲ್ಲ, ಇರುವುದು ಮೈದಾನ ಮತ್ತು ಒಂದು ಸ್ಟಾಪ್‌ವಾಚ್. ಕಳೆದ ಸಲ ಮಕ್ಕಳು ಗುಂಪಾಗಿ ಗೆರೆ ದಾಟಿದಾಗ ಯಾರ ಸಮಯ ಯಾರದೆಂದು ಕಲಸಿಹೋಯಿತು. ಒಂದು ಸೆಕೆಂಡಿಗೆ ಒಂದು ಅಂಕ ಹೋಯಿತೆಂದು ತಕರಾರೂ ಬಂತು. ಸಮಯ ಅಳೆಯುವುದು, ಅಂಕ ಹಾಕುವುದು ಹೇಗೆ?

ಉತ್ತರ:

ನಮಸ್ಕಾರ ಸರ್,

ಗೊಂದಲಕ್ಕೆ ಒಂದೇ ವಾಚು ಇದ್ದದ್ದು ಕಾರಣವೆಂದು ನಿಮಗೆ ಅನಿಸಿರಬಹುದು. ನನಗೆ ಹಾಗೆ ಅನಿಸುವುದಿಲ್ಲ. ಇಂಥ ಓಟಗಳಲ್ಲಿ ವಾಚು ತಪ್ಪುವುದು ಅಪರೂಪ. ತಪ್ಪುವುದು ಮೊದಲು ಮೈದಾನದ ಅಳತೆ, ಆಮೇಲೆ ಬರವಣಿಗೆ. ಆದ್ದರಿಂದ ಅದೇ ಕ್ರಮದಲ್ಲಿ ಹೇಳುತ್ತೇನೆ.

400 ಮೀಟರಿನ ಟ್ರ್ಯಾಕ್ ಇದ್ದಿದ್ದರೆ ಎರಡೂವರೆ ಸುತ್ತು ಓಡಿಸಬೇಕಾಗುತ್ತಿತ್ತು. ಇಲ್ಲದಿದ್ದರೆ ನಷ್ಟವೇನೂ ಇಲ್ಲ. 200 ಮೀಟರಿನ ಸುತ್ತು ಹಾಕಿ ಐದು ಸುತ್ತು ಓಡಿಸಿ. ಆರಂಭ, ಮುಕ್ತಾಯ ಎರಡೂ ಒಂದೇ ಗೆರೆಯಲ್ಲಿ ಬರುತ್ತವೆ, ನೀವು ನಿಂತ ಜಾಗ ಬಿಟ್ಟು ಕದಲಬೇಕಾಗಿಲ್ಲ. 50 ಮೀಟರಿನ ಎರಡು ನೇರ ಬದಿಗಳು, ಎರಡು ತುದಿಗಳಲ್ಲಿ ಎರಡು ಅರ್ಧವೃತ್ತಗಳು. ಪ್ರತಿ ಅರ್ಧವೃತ್ತದ ಉದ್ದವೂ 50 ಮೀಟರ್. ಅಷ್ಟು ಬರಬೇಕಾದರೆ ಮಗು ಓಡುವ ದಾರಿಯ ತ್ರಿಜ್ಯ 15.92 ಮೀಟರ್ ಇರಬೇಕು. ಆದರೆ ಯಾರೂ ಗೆರೆಯ ಮೇಲೆಯೇ ಕಾಲಿಟ್ಟು ಓಡುವುದಿಲ್ಲ. ನೆಲದ ಮೇಲೆ ಸುಣ್ಣದ ಗೆರೆ ಮಾತ್ರ ಇದ್ದರೆ ಓಟಗಾರ ಅದರಿಂದ 20 ಸೆಂಟಿಮೀಟರ್ ಹೊರಗೆ ಓಡುತ್ತಾನೆಂದು ಲೆಕ್ಕ ಹಿಡಿಯುವುದು ವಾಡಿಕೆ. ಹಾಗಾಗಿ ಸುಣ್ಣದ ಗೆರೆಯನ್ನು 15.72 ಮೀಟರ್ ತ್ರಿಜ್ಯದಲ್ಲಿ ಎಳೆಯಿರಿ. ಗೂಟ ನೆಟ್ಟು, ಅದಕ್ಕೆ ಟೇಪಿನ ತುದಿ ಸಿಕ್ಕಿಸಿ, ಬಿಗಿಯಾಗಿ ಹಿಡಿದು ಸುತ್ತಿದರೆ ಮುಗಿಯಿತು. ಹಗ್ಗ ಬೇಡ, ಎಳೆದಷ್ಟೂ ಹಿಗ್ಗುತ್ತದೆ. ಮೊಬೈಲಿನ ಜಿಪಿಎಸ್ ಹಿಡಿದು ಸುತ್ತುವುದಂತೂ ಬೇಡವೇ ಬೇಡ; ಇಷ್ಟು ಸಣ್ಣ ತಿರುವಿನಲ್ಲಿ ಅದರ ಲೆಕ್ಕವನ್ನು ನಂಬುವಂತಿಲ್ಲ.

ಸುಣ್ಣದ ಗೆರೆಗೆ ಸಮಯವಿಲ್ಲವೆಂದು ಅನೇಕರು ಬರೀ ಕೋನ್‌ಗಳನ್ನಿಟ್ಟು ಓಡಿಸುತ್ತಾರೆ. ಇದರಲ್ಲಿ ಎಷ್ಟು ಕೈಬಿಡುತ್ತದೆಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಒಂದು ಅರ್ಧವೃತ್ತಕ್ಕೆ ಮೂರೇ ಕೋನ್ ಇಟ್ಟಿದ್ದೀರಿ ಎನ್ನಿ, ಎರಡು ತುದಿಗಳಲ್ಲಿ ಒಂದೊಂದು, ನಡುವೆ ಒಂದು. ಮಕ್ಕಳು ಬಾಗಿದ ದಾರಿ ಹಿಡಿಯುವುದಿಲ್ಲ, ಕೋನ್‌ನಿಂದ ಕೋನ್‌ಗೆ ನೇರವಾಗಿ ನುಗ್ಗುತ್ತಾರೆ. 25 ಮೀಟರಿನ ಬಾಗಿದ ದಾರಿ ಅವರಿಗೆ 22.5 ಮೀಟರ್ ಆಗುತ್ತದೆ. ಒಂದು ಸುತ್ತಿಗೆ ಹತ್ತು ಮೀಟರ್, ಐದು ಸುತ್ತಿಗೆ 50 ಮೀಟರ್ ಉಳಿತಾಯ. ನಾಲ್ಕು ನಿಮಿಷ ಚಿಲ್ಲರೆಯಲ್ಲಿ ಓಡುವ ಮಗುವಿಗೆ ಅದು ಹನ್ನೆರಡು ಸೆಕೆಂಡಿನಷ್ಟು ಲಾಭ. ಅದೇ ತಿರುವಿನಲ್ಲಿ ಐದು ಮೀಟರಿಗೊಂದು ಕೋನ್ ಇಟ್ಟರೆ ಇಡೀ ಕಿಲೋಮೀಟರಿನಲ್ಲಿ ತಪ್ಪುವುದು ಎರಡೇ ಮೀಟರ್. ಕೋನ್ ಸಾಲದಿದ್ದರೆ ನೀರು ತುಂಬಿದ ಬಾಟಲಿಯಾದರೂ ಆದೀತು, ಒಟ್ಟಿನಲ್ಲಿ ತಿರುವಿನಲ್ಲಿ ಜಿಪುಣತನ ಬೇಡ.

ಇದಕ್ಕೆ ತಿರುಗುಮುರುಗಾದ ತಪ್ಪೂ ಇದೆ. ಒಳಗಿನ ಗೆರೆಯಿಂದ ಒಂದು ಮೀಟರ್ ಹೊರಗೆ ಓಡಿದವರಿಗೆ ಪ್ರತಿ ಸುತ್ತಿಗೆ 6.28 ಮೀಟರ್ ಹೆಚ್ಚಾಗುತ್ತದೆ. ಸುತ್ತು ದೊಡ್ಡದಿರಲಿ, ಚಿಕ್ಕದಿರಲಿ, ಈ ಸಂಖ್ಯೆ ಬದಲಾಗುವುದಿಲ್ಲ. ಐದು ಸುತ್ತಿಗೆ 31 ಮೀಟರ್, ಅಂದರೆ ಏಳೆಂಟು ಸೆಕೆಂಡ್. 36 ಮಕ್ಕಳನ್ನು ಒಟ್ಟಿಗೆ ಬಿಟ್ಟರೆ ಮೊದಲ ಎರಡು ಸುತ್ತು ಅರ್ಧದಷ್ಟು ಮಕ್ಕಳು ಹೊರಗಿನಿಂದಲೇ ಓಡಬೇಕಾಗುತ್ತದೆ, ಅವರ ಫಿಟ್‌ನೆಸ್‌ಗೂ ಆ ಸೆಕೆಂಡುಗಳಿಗೂ ಸಂಬಂಧವಿರುವುದಿಲ್ಲ. ಆದ್ದರಿಂದ ತರಗತಿಯನ್ನು 18ರಂತೆ ಎರಡು ತಂಡ ಮಾಡಿ. ಒಂದು ತಂಡ ಓಡುವಾಗ ಇನ್ನೊಂದು ತಂಡ ಲೆಕ್ಕ ಬರೆಯಲಿ. ಎರಡೂ ತಂಡಗಳನ್ನು ಹತ್ತು ಸೆಕೆಂಡು ಬಿಟ್ಟು ಒಂದೇ ವಾಚಿನಲ್ಲಿ ಓಡಿಸಿ ಆಮೇಲೆ ಕಳೆಯುವ ಜಾಣತನ ಬೇಡ. ಎಲ್ಲೋ ಒಂದು ಕಡೆ ಕಳೆಯಲು ಮರೆಯುತ್ತದೆ.

ಈಗ ವಾಚು. ಪ್ರತಿ ಓಟಗಾರನಿಗೆ ಚೆಸ್ಟ್ ನಂಬರ್ ಇರಲಿ, ದಪ್ಪ ಅಕ್ಷರದಲ್ಲಿ, ಎದೆಯ ಮೇಲೆಯೇ. ಸೀಟಿ ಊದುವುದು, ಗುಂಡಿ ಒತ್ತುವುದು ಎರಡೂ ನೀವೇ. ಬೇರೆಯವರು ಸೀಟಿ ಊದುವುದಾದರೆ ಜೊತೆಗೆ ಕೈಯನ್ನೋ ಬಾವುಟವನ್ನೋ ಕೆಳಗಿಳಿಸಲಿ, ಅದನ್ನು ಕಂಡ ಕೂಡಲೇ ನೀವು ಒತ್ತಿ. ಮುಕ್ತಾಯವೆಂದರೆ ಮಗುವಿನ ಮುಂಡ ಗೆರೆಯ ಈಚೆಯ ಅಂಚಿಗೆ ತಲುಪಿದ ಕ್ಷಣ. ಚಾಚಿದ ಕೈ, ಮುಂದಿಟ್ಟ ಕಾಲು, ಬಗ್ಗಿಸಿದ ತಲೆ ಲೆಕ್ಕಕ್ಕಿಲ್ಲ. ಗೆರೆಯ ನೇರಕ್ಕೆ, ಪಕ್ಕದಲ್ಲಿ ನಿಲ್ಲಿ. ಎದುರಿಗೆ ನಿಂತರೆ ಯಾರು ಯಾವಾಗ ದಾಟಿದರೆಂಬುದು ಕಣ್ಣಿಗೆ ತಿಳಿಯುವುದಿಲ್ಲ.

ಒಮ್ಮೆ ಚಾಲೂ ಮಾಡಿದ ವಾಚನ್ನು ಕೊನೆಯ ಮಗು ಬರುವವರೆಗೆ ನಿಲ್ಲಿಸಬೇಡಿ. ಒಬ್ಬೊಬ್ಬರು ದಾಟಿದಾಗಲೂ ಪರದೆಯ ಮೇಲೆ ಕಂಡ ನಿಮಿಷ, ಸೆಕೆಂಡನ್ನು ಗಟ್ಟಿಯಾಗಿ ಕೂಗಿ: “ನಾಲ್ಕು ಹದಿಮೂರು.” ಇಬ್ಬರು ಜೊತೆಯಲ್ಲಿ ದಾಟಿದರೆ ಎರಡು ಸಲ ಕೂಗಿ. ನಿಮ್ಮ ಪಕ್ಕದ ವಿದ್ಯಾರ್ಥಿ ಬರೀ ಸಮಯವನ್ನು ಕೆಳಗಿಂದ ಕೆಳಗೆ ಬರೆಯುತ್ತಾ ಹೋಗುತ್ತಾನೆ, ಯಾರು ಬಂದರೆಂದು ತಲೆ ಎತ್ತಿ ನೋಡುವುದು ಅವನ ಕೆಲಸವಲ್ಲ. ಇದು ಮೊದಲ ಹಾಳೆ. ಗೆರೆಯ ಆಚೆ ಎರಡು ಹಗ್ಗ ಕಟ್ಟಿ, ಒಬ್ಬರ ಹಿಂದೆ ಒಬ್ಬರು ಮಾತ್ರ ಹೋಗಬಹುದಾದ ಹತ್ತು ಮೀಟರಿನ ಓಣಿ ಮಾಡಿ. ದಾಟಿದ ಮಕ್ಕಳು ಅದೇ ಸಾಲಿನಲ್ಲಿ ನಡೆದು ಹೋಗಬೇಕು. ಓಣಿಯ ಕೊನೆಯಲ್ಲಿ ನಿಂತ ಇನ್ನೊಬ್ಬ ವಿದ್ಯಾರ್ಥಿ ಬರೀ ಚೆಸ್ಟ್ ನಂಬರನ್ನು ಬಂದ ಕ್ರಮದಲ್ಲಿ ಬರೆಯುತ್ತಾನೆ. ಇದು ಎರಡನೆಯದು. ಓಡಿದ ತಕ್ಷಣ ಕುಸಿದು ಕೂರದೆ ನಡೆಯುತ್ತಿರುವುದು ಮಕ್ಕಳ ಮೈಗೂ ಒಳ್ಳೆಯದು, ಕೂತರೆ ತಲೆ ಸುತ್ತುತ್ತದೆ. ಹೀಗೆ ಒಂದು ಓಣಿಯಿಂದ ಎರಡು ಕೆಲಸವಾಗುತ್ತದೆ.

ಮೂರನೆಯದೇ ನಿಮ್ಮ ಸಮಸ್ಯೆಗೆ ಮದ್ದು. ಗೆರೆಯ ಬಳಿ ಚುರುಕಾದ ಒಬ್ಬರನ್ನು ನಿಲ್ಲಿಸಿ. ಅವರು ಎಲ್ಲರನ್ನೂ ಬರೆಯುವುದಿಲ್ಲ. ಒಂಟಿಯಾಗಿ, ನಿಚ್ಚಳವಾಗಿ ದಾಟುವ ನಾಲ್ಕೈದು ಮಕ್ಕಳನ್ನು ಮಾತ್ರ ಆರಿಸಿಕೊಂಡು ನಂಬರ್, ಸಮಯ ಎರಡನ್ನೂ ಒಟ್ಟಿಗೆ ಬರೆದುಕೊಳ್ಳುತ್ತಾರೆ. ಮೊದಲ ಎರಡು ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಜೋಡಿಸಿದಾಗ ಅವು ಸರಿಯಾಗಿ ಕೂತಿವೆಯೇ ಎಂದು ಹೇಳುವುದು ಈ ಹಾಳೆ. ಇದಲ್ಲದೆ, ಓಡದ ತಂಡದ ಪ್ರತಿ ವಿದ್ಯಾರ್ಥಿಗೂ ಓಡುವ ಒಬ್ಬ ಜೊತೆಗಾರನನ್ನು ಒಪ್ಪಿಸಿ ಒಂದು ಚೀಟಿ ಕೊಡಿ. ಪ್ರತಿ ಸುತ್ತು ಮುಗಿದಾಗ ವಾಚಿನ ಸಮಯವನ್ನು ಚೀಟಿಯಲ್ಲಿ ಬರೆಯಬೇಕು. ಗೋಡೆಯ ಗಡಿಯಾರವನ್ನೋ ಮೊಬೈಲನ್ನೋ ಎಲ್ಲರಿಗೂ ಕಾಣುವಂತೆ ಇಟ್ಟರೆ ಸಾಕು, ಇಲ್ಲಿ ಒಂದೆರಡು ಸೆಕೆಂಡು ಆಚೀಚೆಯಾದರೂ ಅಡ್ಡಿಯಿಲ್ಲ. ಹಾಳೆ ಹಿಡಿಯುವ ಮೂವರೂ ಚೀಟಿ ಬರೆಯಲಾಗುವುದಿಲ್ಲ, ಅವರ ಪಾಲಿನ ಓಟಗಾರರನ್ನು ಉಳಿದವರಿಗೆ ಹಂಚಿ. ಸುತ್ತನ್ನು ಗೀಟು ಹಾಕಿ ಎಣಿಸುವುದಕ್ಕಿಂತ ಸಮಯ ಬರೆಸುವುದು ಮೇಲು. ಗೀಟು ತಪ್ಪಿದರೆ ಪತ್ತೆಯಾಗುವುದಿಲ್ಲ. ಸಮಯ ಬರೆದಿದ್ದರೆ, 55 ಸೆಕೆಂಡಿಗೊಂದು ಸುತ್ತು ಹಾಕುತ್ತಿದ್ದ ಮಗುವಿನ ಚೀಟಿಯಲ್ಲಿ ನಡುವೆ 110 ಸೆಕೆಂಡಿನ ಕಂದರ ಕಂಡಾಗ ಬರೆದವನು ಒಂದು ಸುತ್ತು ಮರೆತಿದ್ದಾನೆಂದು ಗೊತ್ತಾಗುತ್ತದೆ. ನಾಲ್ಕೇ ಸಮಯಗಳಿದ್ದು, ಅಂತರವೆಲ್ಲ ಸಮವಾಗಿದ್ದು, ಕೊನೆಯ ಸಮಯವೂ ಮಗು ಓಟ ಮುಗಿಸಿದ ಸಮಯವೂ ಒಂದೇ ಆಗಿದ್ದರೆ, ಮಗು ಓಡಿದ್ದೇ ನಾಲ್ಕು ಸುತ್ತು.

ಎಲ್ಲ ಒಟ್ಟಿಗೆ ಹೇಗೆ ಕೆಲಸ ಮಾಡುತ್ತದೆಂದು ಒಂದು ಉದಾಹರಣೆಯಲ್ಲಿ ನೋಡೋಣ. 18 ಮಕ್ಕಳು ಓಡಿದ್ದಾರೆ. ಸಮಯದ ಹಾಳೆಯಲ್ಲಿ 18 ಸಮಯಗಳಿವೆ, ನಂಬರಿನ ಹಾಳೆಯಲ್ಲಿ 17 ನಂಬರುಗಳು. ಎಲ್ಲೋ ಒಂದು ನಂಬರ್ ತಪ್ಪಿದೆ, ಅದರ ಕೆಳಗಿನವರೆಲ್ಲರಿಗೂ ತಮಗಿಂತ ಮುಂಚೆ ಬಂದವರ ಸಮಯ ಸಿಕ್ಕಿಬಿಟ್ಟಿದೆ. ಕಳೆದ ಸಲ ನಿಮ್ಮಲ್ಲಿ ಆಗಿದ್ದೂ ಬಹುಶಃ ಇದೇ. ಈಗ ಮೂರನೆಯ ಹಾಳೆ ತೆಗೆಯಿರಿ. ಅದರಲ್ಲಿ 9ನೇ ನಂಬರಿಗೆ 4:13 ಎಂದಿದೆ. ನಂಬರಿನ ಹಾಳೆಯಲ್ಲಿ 9 ಇರುವುದು ಐದನೇ ಸಾಲಿನಲ್ಲಿ, ಸಮಯದ ಹಾಳೆಯ ಐದನೇ ಸಾಲಿನಲ್ಲೂ 4:13. ಅಲ್ಲಿಯವರೆಗೆ ಎಲ್ಲ ಸರಿ. ಮುಂದೆ 11ನೇ ನಂಬರಿಗೆ 4:58 ಎಂದಿದೆ. ನಂಬರಿನ ಹಾಳೆಯಲ್ಲಿ 11 ಇರುವುದು ಹನ್ನೆರಡನೇ ಸಾಲಿನಲ್ಲಿ, ಆದರೆ ಸಮಯದ ಹಾಳೆಯಲ್ಲಿ 4:58 ಇರುವುದು ಹದಿಮೂರನೆಯ ಸಾಲಿನಲ್ಲಿ. ಹಾಗಾದರೆ ನಂಬರ್ ತಪ್ಪಿದ್ದು ಐದನೇ ಸಾಲಿನ ನಂತರ, ಹನ್ನೆರಡನೇ ಸಾಲಿಗಿಂತ ಮೊದಲು.

ಓಟಕ್ಕೆ ನಿಂತವರ ಪಟ್ಟಿ ನೋಡಿದರೆ ಕಾಣದಿರುವುದು 6ನೇ ನಂಬರ್. ಹುಡುಗ ಓಣಿಯ ಹಗ್ಗದಡಿ ನುಸುಳಿ ನೀರಿನ ಕಡೆಗೆ ಹೋಗಿದ್ದಾನೆ. ಅವನ ಚೀಟಿಯಲ್ಲಿ ನಾಲ್ಕು ಸುತ್ತುಗಳ ಸಮಯ ಇದೆ: 0:49, 1:43, 2:38, 3:33. ಐದನೆಯ ಜಾಗ ಖಾಲಿ, ಬರೆಯಬೇಕಾದವನು ಗೆಳೆಯನನ್ನು ಹುರಿದುಂಬಿಸುತ್ತಾ ಪೆನ್ನನ್ನೇ ಮರೆತಿದ್ದಾನೆ. ಸುತ್ತಿಗೆ ಸುಮಾರು 55 ಸೆಕೆಂಡಿನಂತೆ ಓಡುತ್ತಿದ್ದವನು 4:28ರ ಆಸುಪಾಸಿನಲ್ಲಿ ಬಂದಿರಬೇಕು. ಸಮಯದ ಹಾಳೆಯಲ್ಲಿ ಆ ಭಾಗ ಹೀಗಿದೆ: 4:19, 4:20, 4:31, 4:36. ಹತ್ತಿರವಿರುವುದು 4:31. ಅದನ್ನು 6ನೇ ನಂಬರಿಗೆ ಕೊಟ್ಟು, ಕೆಳಗಿನ ನಂಬರುಗಳನ್ನೆಲ್ಲ ಒಂದೊಂದು ಸಾಲು ಇಳಿಸಿದರೆ 11ನೇ ನಂಬರು ತಾನಾಗಿಯೇ 4:58ರ ಎದುರು ಬಂದು ಕೂರುತ್ತದೆ. ಇಷ್ಟಕ್ಕೇ ನಿಲ್ಲಿಸದೆ, ಇಳಿಸಿದ ಒಂದಿಬ್ಬರ ಚೀಟಿಯನ್ನೂ ನೋಡಿ. 4:31ರ ಸಾಲಿನಲ್ಲಿದ್ದು ಈಗ 4:36ಕ್ಕೆ ಇಳಿದವನು ನಾಲ್ಕನೇ ಸುತ್ತನ್ನು 3:41ಕ್ಕೆ ಮುಗಿಸಿದ್ದರೆ, ಕೊನೆಯ ಸುತ್ತಿಗೆ 55 ಸೆಕೆಂಡು ತೆಗೆದುಕೊಂಡಂತಾಯಿತು. ನಂಬಬಹುದಾದ ಲೆಕ್ಕ. ಈ ತನಿಖೆಯನ್ನು ಮಕ್ಕಳು ಮೈದಾನದಲ್ಲಿರುವಾಗಲೇ ಮುಗಿಸಿ, ಮರುದಿನ ಯಾರಿಗೂ ಏನೂ ನೆನಪಿರುವುದಿಲ್ಲ.

ಸೆಕೆಂಡಿನ ಹತ್ತನೇ ಭಾಗ, ನೂರನೇ ಭಾಗ ಬರೆಯಬೇಡಿ. ಪರದೆಯ ಮೇಲೆ ಕಾಣುತ್ತದೆ ನಿಜ, ಆದರೆ ಕಣ್ಣು, ಬೆರಳು, ಬಾಯಿ ಮೂರನ್ನೂ ದಾಟಿ ಬಂದ ಸಂಖ್ಯೆಗೆ ಅಷ್ಟು ನಿಖರತೆ ಇರುವುದಿಲ್ಲ. ಕೂಗಿ ಬರೆಸುವ ಬದಲು ವಾಚಿನ ಸ್ಮೃತಿಯಲ್ಲಿ ಲ್ಯಾಪ್ ಗುಂಡಿ ಒತ್ತಿ ಹಿಡಿದಿಟ್ಟಿದ್ದರೆ ಚಿಲ್ಲರೆಯನ್ನು ಮೇಲಕ್ಕೇರಿಸಿ ಬರೆಯಿರಿ: 4:12.3 ಆದರೆ 4:13. ಕ್ರೀಡಾಂಗಣದ ಹೊರಗಿನ ಓಟಗಳಲ್ಲಿ ಕೈವಾಚಿನ ಸಮಯವನ್ನು ಹೀಗೆಯೇ ಪೂರ್ಣ ಸೆಕೆಂಡಿಗೆ ಏರಿಸುತ್ತಾರೆ. ಕೂಗುವುದು ಅಥವಾ ಸ್ಮೃತಿಯಿಂದ ಓದುವುದು, ಎರಡರಲ್ಲಿ ಒಂದನ್ನೇ ಇಡೀ ತರಗತಿಗೆ ಬಳಸಿ. ಸ್ಮೃತಿಯಿಂದ ಓದುವಾಗ ಒಂದು ಎಚ್ಚರಿಕೆ: ಹಿಂದಿನ ಒತ್ತಿನಿಂದ ಈಚಿನ ಅಂತರ ಮತ್ತು ಆರಂಭದಿಂದ ಒಟ್ಟು ಸಮಯ, ಎರಡೂ ಅಕ್ಕಪಕ್ಕ ಕಾಣುತ್ತವೆ. ನಿಮಗೆ ಬೇಕಾದದ್ದು ಒಟ್ಟು ಸಮಯ.

ಇನ್ನು ಅಂಕ. ಮೊದಲ ಕೆಲಸ, ಎಲ್ಲವನ್ನೂ ಸೆಕೆಂಡಿಗೆ ಇಳಿಸುವುದು. 4:50 ಎಂಬುದನ್ನು 4.50 ಎಂದು ಬರೆಯುವ ಅಭ್ಯಾಸ ಎಷ್ಟೋ ಶಾಲೆಗಳ ರಿಜಿಸ್ಟರುಗಳಲ್ಲಿದೆ. 4:50 ಮತ್ತು 5:10ರ ಸರಾಸರಿ ಐದು ನಿಮಿಷ. 4.50 ಮತ್ತು 5.10ರ ಸರಾಸರಿ 4.80, ಅಂದರೆ ನಾಲ್ಕು ನಿಮಿಷ ಎಂಬತ್ತು ಸೆಕೆಂಡ್! ಕಂಪ್ಯೂಟರಿನ ಹಾಳೆಯಲ್ಲಿ 4:50 ಎಂದು ಹೊಡೆದರೆ ಅದು ನಾಲ್ಕು ಗಂಟೆ ಐವತ್ತು ನಿಮಿಷ ಎಂದು ತಿಳಿದುಕೊಳ್ಳುತ್ತದೆ. ನಿಮಿಷಕ್ಕೊಂದು, ಸೆಕೆಂಡಿಗೊಂದು ಅಂಕಣ ಇಟ್ಟರೆ ಈ ತೊಂದರೆ ಇಲ್ಲ.

ಒಂದು ಸೆಕೆಂಡಿಗೆ ಒಂದು ಅಂಕ ಹೋಗುವುದು ಮೆಟ್ಟಿಲಿನಂತಹ ಪಟ್ಟಿಯ ದೋಷ. 4:30ರವರೆಗೆ ಎಂಟು, 4:31ರಿಂದ ಏಳು ಎಂದು ಬರೆದಿದ್ದರೆ, ನಿಮ್ಮ ಬೆರಳು ತಡವರಿಸಿದ್ದಕ್ಕೆ ಮಗು ಒಂದು ಅಂಕ ತೆತ್ತಂತಾಗುತ್ತದೆ. 4:31 ಮತ್ತು 4:50ರ ನಡುವಿನ 19 ಸೆಕೆಂಡಿಗೆ ಮಾತ್ರ ಬೆಲೆಯೇ ಇಲ್ಲ. ಮಕ್ಕಳ ತಕರಾರು ನ್ಯಾಯವಾದದ್ದೇ. ಮೆಟ್ಟಿಲು ತೆಗೆದು ಇಳಿಜಾರು ಮಾಡಿ. ಎರಡು ಗಡಿ ಗೊತ್ತುಮಾಡಿ, ಹತ್ತು ಅಂಕ ಸಿಗುವ ಸಮಯ ಒಂದು, ಒಂದೇ ಅಂಕ ಸಿಗುವ ಸಮಯ ಇನ್ನೊಂದು. ಮಾತಿಗೆ 3:40 ಮತ್ತು 6:40 ಇಟ್ಟುಕೊಳ್ಳೋಣ, ಅಂದರೆ 220 ಮತ್ತು 400 ಸೆಕೆಂಡ್. ನಡುವೆ 180 ಸೆಕೆಂಡ್, ಒಂಬತ್ತು ಅಂಕ. ಅಂಕಕ್ಕೆ 20 ಸೆಕೆಂಡ್. 4:35ಕ್ಕೆ ಬಂದ ಮಗುವಿನ ಸಮಯ 275 ಸೆಕೆಂಡ್. 400ರಿಂದ ಕಳೆದರೆ 125, ಅದನ್ನು 20ರಿಂದ ಭಾಗಿಸಿದರೆ 6.25, ಒಂದು ಕೂಡಿಸಿದರೆ 7.25. ಒಂದು ಸೆಕೆಂಡಿನ ಬೆಲೆ ಈಗ ಅಂಕದ ಇಪ್ಪತ್ತನೇ ಒಂದು ಭಾಗ ಮಾತ್ರ. ನಿಮಿಷ B ಅಂಕಣದಲ್ಲಿ, ಸೆಕೆಂಡ್ C ಅಂಕಣದಲ್ಲಿ ಇದ್ದರೆ, D ಮತ್ತು E ಅಂಕಣಗಳಲ್ಲಿ ಕ್ರಮವಾಗಿ ಇವನ್ನು ಹಾಕಿ:

```
=B2*60+C2
=MAX(1,MIN(10,1+(400-D2)/20))
```

ಆ 220, 400 ನನ್ನ ಉದಾಹರಣೆಯ ಸಂಖ್ಯೆಗಳು, ನಿಮ್ಮ ಮಕ್ಕಳ ಮಾನದಂಡಗಳಲ್ಲ. ನಿಮಗೆ ಮೇಲಿನವರು ಪಟ್ಟಿ ಕೊಟ್ಟಿದ್ದರೆ ಅದರ ಗಡಿಗಳನ್ನೇ ಬಳಸಿ. ಇಲ್ಲದಿದ್ದರೆ ಮೊದಲ ಓಟವನ್ನು ಅಂಕವಿಲ್ಲದ ಅಭ್ಯಾಸವೆಂದು ಓಡಿಸಿ, ಅದರ ಸಮಯಗಳನ್ನು ನೋಡಿ ಗಡಿ ಇಡಿ. ವೇಗದ ಗಡಿ ಒಂದಿಬ್ಬರಿಗೆ ಮಾತ್ರ ಎಟಕುವಂತಿರಲಿ, ನಿಧಾನದ ಗಡಿ ಬಹುಪಾಲು ಎಲ್ಲರನ್ನೂ ಒಳಗೊಳ್ಳುವಂತಿರಲಿ. ಹುಡುಗರಿಗೂ ಹುಡುಗಿಯರಿಗೂ, ವಯಸ್ಸಿಗೂ ಬೇರೆ ಬೇರೆ ಗಡಿ ಬೇಕು; ವಯಸ್ಸನ್ನು ಓಟದ ದಿನಕ್ಕೆ ಲೆಕ್ಕ ಹಿಡಿಯಿರಿ, ತರಗತಿಗಲ್ಲ. ಒಮ್ಮೆ ಇಟ್ಟ ಗಡಿಯನ್ನು ವರ್ಷವಿಡೀ ಬದಲಿಸಬೇಡಿ. 600 ಮೀಟರಿನ ಅಥವಾ 1600 ಮೀಟರಿನ ಪಟ್ಟಿ ಕೈಗೆ ಸಿಕ್ಕರೆ ಗುಣಿಸಿ ಭಾಗಿಸಿ ಕಿಲೋಮೀಟರಿಗೆ ಇಳಿಸುವ ಗೋಜಿಗೂ ಹೋಗಬೇಡಿ. ದೂರ ಹೆಚ್ಚಿದಂತೆ ವೇಗ ಇಳಿಯುತ್ತದೆ, ಅದು ಎಲ್ಲ ಮಕ್ಕಳಲ್ಲೂ ಒಂದೇ ಪ್ರಮಾಣದಲ್ಲಿ ಇಳಿಯುವುದಿಲ್ಲ.

ಅಭ್ಯಾಸದ ಓಟ ಬೇಕೆನ್ನುವುದಕ್ಕೆ ಇನ್ನೊಂದು ಕಾರಣವಿದೆ. ಮೊದಲ ಸಲ ಓಡುವ ಮಗು ನೂರು ಮೀಟರಿನ ಓಟವೆಂಬಂತೆ ಹೊರಟು ಮೂರನೇ ಸುತ್ತಿಗೆ ನಡೆಯತೊಡಗುತ್ತದೆ. ಚೀಟಿಯಲ್ಲಿ ಸುತ್ತಿನ ಸಮಯಗಳು 42, 58, 70, 72 ಎಂದು ಏರುತ್ತಾ ಹೋದರೆ ಅದು ಅಳೆದದ್ದು ಫಿಟ್‌ನೆಸ್ಸನ್ನಲ್ಲ, ಅವಸರವನ್ನು. ಅದೇ ಮಗು ಒಂದು ವಾರದ ನಂತರ ಸಮನಾಗಿ ಓಡಿ ಸಮಯ ಇಳಿಸಿಕೊಂಡರೆ ಅದನ್ನು ತರಬೇತಿಯ ಫಲವೆಂದು ದಾಖಲಿಸುವುದು ಸರಿಯಲ್ಲ.

ಪ್ರಗತಿಗೆ ಪ್ರತ್ಯೇಕ ಅಂಕಣ ಇಡಿ, ಫಿಟ್‌ನೆಸ್ ಅಂಕದೊಳಗೆ ಕಲಸಬೇಡಿ. ಅದನ್ನು ಶೇಕಡಾದಲ್ಲಿ ಬರೆಯುವುದು ನ್ಯಾಯ. 6:10ರಿಂದ 5:40ಕ್ಕೆ ಬಂದವಳದ್ದು ಶೇ 8ರ ಪ್ರಗತಿ, 3:55ರಿಂದ 3:50ಕ್ಕೆ ಬಂದವನದ್ದು ಶೇ 2. ಆದರೆ ಕೈವಾಚು, ದಾರಿ ತುಸು ಆಚೀಚೆ, ಬಿಸಿಲು, ಗಾಳಿ ಎಲ್ಲ ಸೇರಿ ಐದು ಸೆಕೆಂಡಿನ ವ್ಯತ್ಯಾಸ ಸುಲಭವಾಗಿ ಬರುತ್ತದೆ. ಅಷ್ಟರೊಳಗಿನ ಏರಿಳಿತವನ್ನು “ಬದಲಾವಣೆಯಿಲ್ಲ” ಎಂದೇ ಬರೆಯಿರಿ. ಎರಡು ಓಟಗಳನ್ನು ದಿನದ ಒಂದೇ ಹೊತ್ತಿನಲ್ಲಿ ನಡೆಸಿ, ಹಾಳೆಯ ತಲೆಯಲ್ಲಿ ಬಿಸಿಲು, ಗಾಳಿ, ನೆಲದ ಸ್ಥಿತಿ ಬರೆದಿಡಿ.

ಕೊನೆಯದಾಗಿ, ಸೊನ್ನೆಯ ವಿಚಾರ. ನಡೆದುಕೊಂಡೇ ಮುಗಿಸಿದ ಮಗುವಿಗೂ ಒಂದು ಅಂಕ ಸಲ್ಲಬೇಕು. ಕಿಲೋಮೀಟರ್ ನಡೆಯಲು ಹತ್ತು ಹನ್ನೆರಡು ನಿಮಿಷ ಬೇಕು, ಅಷ್ಟು ಹೊತ್ತು ವಾಚು ಓಡುತ್ತಿರಲಿ. ಎದೆನೋವು, ತಲೆಸುತ್ತು, ಉಸಿರಾಟದಲ್ಲಿ ಸಿಳ್ಳೆಯ ಸದ್ದು ಬಂದವರನ್ನು ಅಲ್ಲೇ ನಿಲ್ಲಿಸಿ. ಆಸ್ತಮಾ ಇರುವವರ ಇನ್‌ಹೇಲರ್ ಗೆರೆಯ ಬಳಿಯೇ ಇರಬೇಕು. ಹಾಗೆ ನಿಂತವರ ಎದುರು “ಪೂರ್ಣಗೊಳಿಸಿಲ್ಲ” ಎಂದೂ, ಬಾರದವರ ಎದುರು “ಗೈರು” ಎಂದೂ ಬರೆಯಿರಿ. ಎರಡಕ್ಕೂ ಸೊನ್ನೆ ಹಾಕಿದರೆ ಅದು ತರಗತಿಯ ಸರಾಸರಿಯೊಳಗೆ ಸೇರಿಕೊಂಡು ಎಲ್ಲರ ಲೆಕ್ಕವನ್ನೂ ಕೆಡಿಸುತ್ತದೆ. ಆ ಮಕ್ಕಳಿಗೆ ಇನ್ನೊಂದು ದಿನ ಗೊತ್ತುಮಾಡಿ, ಇಬ್ಬರೇ ಇದ್ದರೂ ಅದೇ ಸುತ್ತಿನಲ್ಲಿ, ಅದೇ ಮೂರು ಹಾಳೆಗಳೊಂದಿಗೆ ಓಡಿಸಿ.